ಕರೆಂಟ್ ಹೋದದ್ದು ಲೈಬ್ರರಿಯಲ್ಲಿ, ನೆಟ್ ನಿಂತದ್ದು ಲ್ಯಾಬಿನಲ್ಲೂ

ಮಳೆಗಾಲ ಶುರುವಾದರೆ ಕಾಸರಗೋಡಿನ ಒಳನಾಡಿನಲ್ಲಿ ಕರೆಂಟ್ ಹೋಗಿ ಬರುವುದು ಮಾಮೂಲು. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಲೈನ್‌ಗಳು ಗುಡ್ಡ, ತೋಟಗಳ ನಡುವೆಯೇ ಹೋಗುತ್ತವೆ. ಒಂದು ತೆಂಗಿನ ಮಡಲು ಬಿದ್ದರೂ ಸಾಕು. ಅದಕ್ಕಾಗಿಯೇ ಇಲ್ಲಿನ ಶಾಲೆ-ಕಾಲೇಜುಗಳು ಯುಪಿಎಸ್‌ಗೆ ದುಡ್ಡು ಹಾಕುತ್ತವೆ. ಆದರೂ ಒಂದು ದೂರು ಮಾತ್ರ ಪ್ರತಿ ಮಳೆಗಾಲದಲ್ಲೂ ಕೇಳಿಬರುತ್ತದೆ. ಅದನ್ನು ಒಂದು ಕಾಲೇಜಿನ ಲ್ಯಾಬ್ ನೋಡಿಕೊಳ್ಳುವವರ ಮಾತಿನಲ್ಲೇ ಹೇಳುತ್ತೇನೆ: "ಆಫೀಸಿಗೆ ಯುಪಿಎಸ್ ಉಂಟು, ಲ್ಯಾಬಿಗೂ ಉಂಟು. ಕರೆಂಟ್ ಹೋದ ಕೂಡಲೇ ನೆಟ್ ಹೋಗ್ತದೆ ಮಾರಾಯ್ರೆ. ಒಂದು ನಿಮಿಷದಲ್ಲಿ ತಾನೇ ಬರ್ತದೆ. ಕರೆಂಟ್ ಬಂದ ಮೇಲೆ ಪುನಃ ಒಮ್ಮೆ ಹೋಗ್ತದೆ!"

ಎಲ್ಲರಿಗೂ ಮೊದಲ ಸಂಶಯ ಇಂಟರ್ನೆಟ್ ಕೊಡುವವರ ಮೇಲೆ. ಅವರಿಗೆ ಫೋನ್ ಮಾಡಿದರೆ "ನಮ್ಮ ಕಡೆ ಲೈನ್ ಸರಿ ಇದೆ" ಎನ್ನುತ್ತಾರೆ. ಈ ಕಾಲೇಜಿನ ಮಟ್ಟಿಗೆ ಅವರು ಹೇಳಿದ್ದು ನಿಜವೇ ಆಗಿತ್ತು. ತೊಂದರೆ ಇದ್ದದ್ದು ಕ್ಯಾಂಪಸ್ಸಿನ ಒಳಗೆ ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ನೆಟ್‌ವರ್ಕ್ ಸ್ವಿಚ್‌ಗಳಲ್ಲಿ, ಅದರಲ್ಲೂ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಮಾಡಿಕೊಂಡಿದ್ದ ಒಂದು ಆಯ್ಕೆಯಲ್ಲಿ.

ಕ್ಯಾಂಪಸ್ಸಿನ ಚಿತ್ರ ಹೀಗಿದೆ. ಮೂರು ಕಟ್ಟಡ, ಮೂರು ಸ್ವಿಚ್. ಆಫೀಸ್ ಕಟ್ಟಡದಲ್ಲಿ ಇಂಟರ್ನೆಟ್ ರೂಟರ್ ಮತ್ತು ಹೊಸ ಗಿಗಾಬಿಟ್ ಸ್ವಿಚ್. ಲ್ಯಾಬ್ ಕಟ್ಟಡದಲ್ಲೂ ಗಿಗಾಬಿಟ್ ಸ್ವಿಚ್. ಇವೆರಡರ ನಡುವೆ ನೇರ ಗಿಗಾಬಿಟ್ ಫೈಬರ್. ಇಳಿಜಾರಿನ ಕೆಳಗಿರುವ ಲೈಬ್ರರಿಯಲ್ಲಿ ಹಳೆಯ 100 ಎಂಬಿಪಿಎಸ್ ಸ್ವಿಚ್. ಅಲ್ಲಿಂದ ಆಫೀಸಿಗೊಂದು, ಲ್ಯಾಬಿಗೊಂದು ಫೈಬರ್ ಇದೆ. ಎರಡಕ್ಕೂ ಎರಡು ತುದಿಯಲ್ಲಿ ಫೈಬರನ್ನು ತಾಮ್ರದ ಕೇಬಲಿಗೆ ಜೋಡಿಸುವ ಮೀಡಿಯಾ ಕನ್ವರ್ಟರ್ ಡಬ್ಬಿ. ಹಾಗಾಗಿ ಮೂರು ಸ್ವಿಚ್‌ಗಳ ನಡುವೆ ಒಂದು ತ್ರಿಕೋನ. ಒಂದು ಫೈಬರ್ ಕಡಿದರೂ ಇನ್ನೊಂದು ದಾರಿ ಇರಲಿ ಅಂತ ಬೇಕೆಂದೇ ಹಾಗೆ ಎಳೆದದ್ದು. ಲೈಬ್ರರಿಗೆ ಮಾತ್ರ ಯುಪಿಎಸ್ ಇರಲಿಲ್ಲ.

ತ್ರಿಕೋನ ಅಂದರೆ ಲೂಪ್. ಈಥರ್ನೆಟ್‌ನಲ್ಲಿ ಲೂಪ್ ಯಾಕೆ ಅಪಾಯ ಎಂಬುದನ್ನು ಮೊದಲು ನೋಡೋಣ. ಐಪಿ ಪ್ಯಾಕೆಟ್‌ಗೆ ಟಿಟಿಎಲ್ ಎಂಬ ಒಂದು ಲೆಕ್ಕ ಇರುತ್ತದೆ. ಪ್ರತಿ ರೂಟರ್ ಅದರಲ್ಲಿ ಒಂದನ್ನು ಕಳೆಯುತ್ತದೆ, ಸೊನ್ನೆಯಾದಾಗ ಪ್ಯಾಕೆಟ್ ಬಿಸಾಡುತ್ತದೆ. ಸ್ವಿಚ್‌ಗಳ ನಡುವೆ ಆ ಪ್ಯಾಕೆಟನ್ನು ಹೊತ್ತೊಯ್ಯುವ ಈಥರ್ನೆಟ್ ಫ್ರೇಮ್‌ಗೆ ಅಂಥ ಯಾವ ಲೆಕ್ಕವೂ ಇಲ್ಲ. ಯಾವುದೋ ಕಂಪ್ಯೂಟರ್ "ಈ ಐಪಿ ಯಾರದ್ದು?" ಅಂತ ಒಂದು ಎಆರ್‌ಪಿ ಬ್ರಾಡ್‌ಕಾಸ್ಟ್ ಕಳಿಸಿತು ಅಂದುಕೊಳ್ಳಿ. ಬ್ರಾಡ್‌ಕಾಸ್ಟ್ ಬಂದರೆ ಸ್ವಿಚ್ ಅದನ್ನು ಬಂದ ಪೋರ್ಟ್ ಬಿಟ್ಟು ಉಳಿದೆಲ್ಲ ಪೋರ್ಟ್‌ಗಳಿಗೂ ಕಳಿಸಬೇಕು. ತ್ರಿಕೋನದಲ್ಲಿ ಅದು ಎರಡು ದಿಕ್ಕಿಗೂ ಹೊರಡುತ್ತದೆ. ಸುತ್ತು ಹಾಕಿ ಬಂದದ್ದನ್ನು ಸ್ವಿಚ್ ಮತ್ತೆ ಕಳಿಸುತ್ತದೆ. ಪ್ರತಿ ಸುತ್ತಿನಲ್ಲೂ ಪ್ರತಿ ಕಂಪ್ಯೂಟರ್‌ಗೂ ಒಂದೊಂದು ಪ್ರತಿ ಹೋಗುತ್ತದೆ. ಇದನ್ನು ನಿಲ್ಲಿಸುವವರೇ ಇಲ್ಲ. ಹೊಸ ಬ್ರಾಡ್‌ಕಾಸ್ಟ್‌ಗಳೂ ಸೇರುತ್ತಾ ಹೋಗುತ್ತವೆ. ಚಿಕ್ಕ ಫ್ರೇಮ್‌ಗಳಾದರೆ ಒಂದು ಗಿಗಾಬಿಟ್ ಲಿಂಕ್‌ನಲ್ಲಿ ಸೆಕೆಂಡಿಗೆ ಸುಮಾರು 14.88 ಲಕ್ಷ ಫ್ರೇಮ್ ಹಿಡಿಸುತ್ತದೆ. ಲಿಂಕ್ ಭರ್ತಿಯಾಗುವವರೆಗೂ ಬಿರುಗಾಳಿ ಏರುತ್ತಲೇ ಇರುತ್ತದೆ.

ಇನ್ನೊಂದು ಹಾನಿ ಕಣ್ಣಿಗೆ ಬೇಗ ಬೀಳುವುದಿಲ್ಲ. ಒಂದು ಕಂಪ್ಯೂಟರ್‌ನ ಮ್ಯಾಕ್ ವಿಳಾಸ, ಅಂದರೆ ತಯಾರಕರೇ ಹಾಕಿಕೊಟ್ಟ ಗುರುತಿನ ಸಂಖ್ಯೆ, ಯಾವ ಪೋರ್ಟ್‌ನಿಂದ ಬಂತು ಎಂಬುದನ್ನು ನೋಡಿಕೊಂಡೇ ಸ್ವಿಚ್ ದಾರಿ ಕಲಿಯುತ್ತದೆ. ಲೂಪ್ ಇದ್ದರೆ ಅದೇ ಮ್ಯಾಕ್ ಒಮ್ಮೆ ಈ ಪೋರ್ಟ್‌ನಿಂದ, ಮರುಕ್ಷಣ ಆ ಪೋರ್ಟ್‌ನಿಂದ ಬರುತ್ತದೆ. ಸ್ವಿಚ್ ಕಲಿತದ್ದೆಲ್ಲ ತಪ್ಪಾಗುತ್ತದೆ. ಸಿಸ್ಕೊ ಮಾದರಿಯ ಸ್ವಿಚ್‌ಗಳಲ್ಲಿ ಆಗ `MACFLAP_NOTIF` ಎಂಬ ಲಾಗ್ ಸಾಲು ಸಾಲಾಗಿ ಬೀಳುತ್ತದೆ. ಲಾಗ್ ಇಲ್ಲದ ಸ್ವಿಚ್ ಆದರೆ ಎಲ್ಲ ಪೋರ್ಟ್‌ಗಳ ಲೈಟುಗಳೂ ಒಟ್ಟಿಗೆ, ಬಿಡದೆ ಮಿನುಗುವುದೇ ಗುರುತು.

ಈ ಲೂಪ್ ಮುರಿಯುವ ಕೆಲಸ ಸ್ಪ್ಯಾನಿಂಗ್ ಟ್ರೀಯದ್ದು. 1985ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದ ರೇಡಿಯಾ ಪರ್ಲ್‌ಮನ್ ಇದನ್ನು ರೂಪಿಸಿದರು. 1990ರಲ್ಲಿ ಇದು 802.1ಡಿ ಎಂಬ ಐಇಇಇ ಮಾನದಂಡವಾಯಿತು. ಕೇಬಲ್ ತ್ರಿಕೋನದಲ್ಲೇ ಇರಲಿ, ಒಂದು ಪೋರ್ಟನ್ನು ಮುಚ್ಚಿಟ್ಟು ಅದನ್ನು ಮರದ ಹಾಗೆ ಬಳಸೋಣ, ಬೇಕಾದಾಗ ಮುಚ್ಚಿದ್ದನ್ನು ತೆರೆಯೋಣ. ಯೋಚನೆ ಇಷ್ಟೇ. ಯಾವ ಪೋರ್ಟ್ ಮುಚ್ಚಬೇಕು ಎಂಬುದನ್ನು ಸ್ವಿಚ್‌ಗಳು ಬಿಪಿಡಿಯು ಎಂಬ ಸಣ್ಣ ಸಂದೇಶಗಳನ್ನು 2 ಸೆಕೆಂಡಿಗೊಮ್ಮೆ ಕಳಿಸಿ ತಮ್ಮೊಳಗೇ ತೀರ್ಮಾನಿಸುತ್ತವೆ.

ಮೊದಲ ತೀರ್ಮಾನ, ರೂಟ್, ಅಂದರೆ ಮರದ ಬುಡ, ಯಾರು? ಪ್ರತಿ ಸ್ವಿಚ್‌ಗೂ ಒಂದು ಐಡಿ ಇದೆ. ಅದರ ಮುಂಭಾಗ ಪ್ರಿಯಾರಿಟಿ, ಹಿಂಭಾಗ ಮ್ಯಾಕ್ ವಿಳಾಸ. ಯಾರ ಐಡಿ ಚಿಕ್ಕದೋ ಅವರು ರೂಟ್. ಯಾರೂ ಕೈ ಹಾಕದಿದ್ದರೆ ಎಲ್ಲರ ಪ್ರಿಯಾರಿಟಿಯೂ 32768. ಆಗ ಉಳಿಯುವುದು ಮ್ಯಾಕ್ ವಿಳಾಸ ಮಾತ್ರ. ಕಂಪನಿಗಳಿಗೆ ವರ್ಷ ಕಳೆದ ಹಾಗೆ ಸಿಕ್ಕಿದ ಮ್ಯಾಕ್ ವಿಳಾಸದ ಕಂತುಗಳು ಸಾಮಾನ್ಯವಾಗಿ ದೊಡ್ಡ ಅಂಕಿಯವು, ಹಾಗಾಗಿ ಹಳೆಯ ಸ್ವಿಚ್‌ನ ವಿಳಾಸ ಚಿಕ್ಕದಾಗಿರುವುದೇ ಜಾಸ್ತಿ. ನಮ್ಮ ಕಾಲೇಜಿನಲ್ಲಿ ಲೈಬ್ರರಿ ಸ್ವಿಚ್‌ನ ವಿಳಾಸ 00ರಿಂದ ಶುರು, ಲ್ಯಾಬಿನದ್ದು 5cಯಿಂದ, ಆಫೀಸಿನದ್ದು 7cಯಿಂದ. ಅಲ್ಲಿಗೆ, ಇಡೀ ಕ್ಯಾಂಪಸ್ಸಿನಲ್ಲಿ ಅತಿ ಹಳೆಯದಾದ, ಅತಿ ನಿಧಾನದ, ಯುಪಿಎಸ್ ಇಲ್ಲದ ಸ್ವಿಚ್ಚೇ ರೂಟ್ ಆಯಿತು. ಯಾರೂ ಹಾಗೆ ಮಾಡಿ ಅಂತ ಹೇಳಿರಲಿಲ್ಲ. ಬೇಡ ಅಂತಲೂ ಯಾರೂ ಹೇಳಿರಲಿಲ್ಲ ಅಲ್ವಾ?

ಎರಡನೇ ತೀರ್ಮಾನ, ರೂಟ್ ತಲುಪಲು ಯಾರಿಗೆ ಯಾವ ದಾರಿ ಅಗ್ಗ? ಗಿಗಾಬಿಟ್ ಲಿಂಕ್‌ಗೆ ಬೆಲೆ 4, 100 ಎಂಬಿಪಿಎಸ್ ಲಿಂಕ್‌ಗೆ 19. ಆಫೀಸ್ ಸ್ವಿಚ್‌ಗೆ ಲೈಬ್ರರಿಗೆ ನೇರ ದಾರಿ 19. ಲ್ಯಾಬ್ ಮೂಲಕ ಹೋದರೆ 4 ಕೂಡಿಸು 19, ಅಂದರೆ 23. ಹಾಗಾಗಿ ನೇರ ದಾರಿಯೇ ಗೆದ್ದಿತು. ಲ್ಯಾಬ್ ಸ್ವಿಚ್‌ಗೂ ಇದೇ ಲೆಕ್ಕ. ಇನ್ನು ಉಳಿದದ್ದು ಆಫೀಸ್ ಮತ್ತು ಲ್ಯಾಬ್ ನಡುವಿನ ಗಿಗಾಬಿಟ್ ಫೈಬರ್. ಎರಡೂ ತುದಿಯಿಂದ ರೂಟ್‌ಗೆ ಬೆಲೆ ಸಮ, 19. ಸಮ ಬಂದರೆ ಚಿಕ್ಕ ಐಡಿ ಗೆಲ್ಲುತ್ತದೆ. ಲ್ಯಾಬ್ ತುದಿ ತೆರೆದಿರುತ್ತದೆ, ಆಫೀಸ್ ತುದಿ ಮುಚ್ಚುತ್ತದೆ.

ಇದರ ಪರಿಣಾಮ ನೋಡಿ. ಇದ್ದುದರಲ್ಲಿ ಒಳ್ಳೆಯ ಫೈಬರ್ ಮುಚ್ಚಿ ಕೂತಿದೆ. ಲ್ಯಾಬಿನ ಮಕ್ಕಳು ಇಂಟರ್ನೆಟ್‌ಗೆ ಹೋಗಬೇಕಾದರೆ ಇಳಿಜಾರು ಇಳಿದು ಲೈಬ್ರರಿಯ 100 ಎಂಬಿಪಿಎಸ್ ಸ್ವಿಚ್ ಸುತ್ತಿ ಆಫೀಸಿಗೆ ಹತ್ತಬೇಕು. ಗಿಗಾಬಿಟ್ ಸ್ವಿಚ್‌ಗೆ ದುಡ್ಡು ಕೊಟ್ಟ ಆಡಳಿತ ಮಂಡಳಿಗೆ ಈ ವಿಷಯ ಗೊತ್ತೇ ಇರಲಿಲ್ಲ. ದಿನನಿತ್ಯದ ಕೆಲಸ ನಡೆಯುತ್ತಿದ್ದುದರಿಂದ "ನೆಟ್ ಸ್ವಲ್ಪ ಸ್ಲೋ" ಎಂಬ ಮಾತಿನಲ್ಲೇ ಎಲ್ಲ ಮುಚ್ಚಿಹೋಗಿತ್ತು.

ಈಗ ಕರೆಂಟ್ ಹೋಯಿತು ಅಂದುಕೊಳ್ಳಿ. ಲೈಬ್ರರಿ ಸ್ವಿಚ್ ಆಫ್. ಬಿಪಿಡಿಯು ಕಳಿಸುತ್ತಿದ್ದ ರೂಟ್ ಸತ್ತಿತು. ಆಫೀಸ್ ಸ್ವಿಚ್‌ಗೆ ಇದು ಕೂಡಲೇ ಗೊತ್ತಾಗುತ್ತದೆಯೇ? ಇಲ್ಲ. ಅದರ ಕೇಬಲ್ ಹೋಗಿರುವುದು ಪಕ್ಕದಲ್ಲೇ ಇರುವ ಮೀಡಿಯಾ ಕನ್ವರ್ಟರ್‌ಗೆ. ಆ ಡಬ್ಬಿಗೆ ಆಫೀಸಿನ ಯುಪಿಎಸ್ ಇದೆ, ಅದರ ತಾಮ್ರದ ಬದಿಯ ಲಿಂಕ್ ಲೈಟ್ ಉರಿಯುತ್ತಲೇ ಇದೆ. ಫೈಬರ್ ಬದಿ ಸತ್ತದ್ದನ್ನು ತಾಮ್ರದ ಬದಿಗೆ ದಾಟಿಸುವ ಸೌಲಭ್ಯ ಕೆಲವು ಕನ್ವರ್ಟರ್‌ಗಳಲ್ಲಿ ಇರುತ್ತದೆ. ಇವುಗಳಲ್ಲಿ ಇರಲಿಲ್ಲ. ಹಾಗಾಗಿ ಸ್ವಿಚ್‌ನ ಪಾಲಿಗೆ ಲಿಂಕ್ ಜೀವಂತ, ಮಾತು ಮಾತ್ರ ನಿಂತಿದೆ.

ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲಿ ಇಂಥ ಮೌನವನ್ನು ಸ್ವಿಚ್ 20 ಸೆಕೆಂಡ್ ಸಹಿಸಿಕೊಳ್ಳುತ್ತದೆ. ಅದರ ಹೆಸರು ಮ್ಯಾಕ್ಸ್ ಏಜ್. ಅದು ಮುಗಿದ ಮೇಲೆ ಆಫೀಸ್ ಸ್ವಿಚ್ ಮತ್ತು ಲ್ಯಾಬ್ ಸ್ವಿಚ್ ಎರಡೂ "ರೂಟ್ ನಾನೇ" ಎನ್ನುತ್ತವೆ. ಚಿಕ್ಕ ಐಡಿಯ ಲ್ಯಾಬ್ ಗೆಲ್ಲುತ್ತದೆ. ಆಫೀಸ್ ಸ್ವಿಚ್ ಮುಚ್ಚಿಟ್ಟಿದ್ದ ಗಿಗಾಬಿಟ್ ಪೋರ್ಟನ್ನು ಈಗ ತೆರೆಯಬೇಕು. ಆದರೆ ಅವಸರಪಟ್ಟು ತೆರೆದರೆ, ಬೇರೆ ಎಲ್ಲೋ ಒಂದು ಸ್ವಿಚ್ ಹಳೆಯ ಮರವನ್ನೇ ನಂಬಿಕೊಂಡಿದ್ದರೆ, ಆ ಹೊತ್ತಿಗೆ ಲೂಪ್ ಆಗಬಹುದು. ಅದಕ್ಕೆ ಲಿಸನಿಂಗ್ ಎಂದು 15 ಸೆಕೆಂಡ್ ಕಾಯುತ್ತದೆ, ಲರ್ನಿಂಗ್ ಎಂದು ಇನ್ನೂ 15 ಸೆಕೆಂಡ್. ಒಟ್ಟು 20, 15, 15. ಅಂದರೆ 50 ಸೆಕೆಂಡ್. ಅಷ್ಟು ಹೊತ್ತು ಯುಪಿಎಸ್‌ನಲ್ಲಿ ಓಡುತ್ತಿರುವ ಲ್ಯಾಬ್, ಯುಪಿಎಸ್‌ನಲ್ಲಿ ಓಡುತ್ತಿರುವ ಆಫೀಸನ್ನು ತಲುಪಲಾರದು. ಅವೆರಡರ ನಡುವಿನ ಫೈಬರ್ ಒಂಚೂರೂ ಹಾಳಾಗಿಲ್ಲ ಎಂಬುದೇ ಇಲ್ಲಿ ಬೇಸರದ ಸಂಗತಿ.

ಕರೆಂಟ್ ಬಂದಾಗ ಎರಡನೇ ಸಲ ನೆಟ್ ಹೋಗುವುದು ಯಾಕೆ? ಇದನ್ನು ಹೆಚ್ಚಿನವರು ಊಹಿಸುವುದಿಲ್ಲ. ಲೈಬ್ರರಿ ಸ್ವಿಚ್ ಒಂದೆರಡು ನಿಮಿಷದಲ್ಲಿ ಬೂಟ್ ಆಗಿ ಬಿಪಿಡಿಯು ಕಳಿಸಲು ಶುರುಮಾಡುತ್ತದೆ. ಅದರ ಐಡಿ ಈಗಲೂ ಎಲ್ಲರಿಗಿಂತ ಚಿಕ್ಕದು. ಹಾಗಾಗಿ ಅದೇ ಮತ್ತೆ ರೂಟ್. ಇದನ್ನು ಕೇಳಿದ ಆಫೀಸ್ ಸ್ವಿಚ್ ಕೂಡಲೇ ಗಿಗಾಬಿಟ್ ಪೋರ್ಟ್ ಮುಚ್ಚುತ್ತದೆ. ಮುಚ್ಚುವುದಕ್ಕೆ ಕಾಯಬೇಕಾಗಿಲ್ಲ, ತೆರೆಯುವುದಕ್ಕೆ ಮಾತ್ರ ಕಾಯಬೇಕು. ಆದರೆ ಲೈಬ್ರರಿ ಸ್ವಿಚ್ ತನ್ನ ಎರಡು ಪೋರ್ಟ್‌ಗಳನ್ನು ಆಗ ತಾನೇ ಲಿಸನಿಂಗ್‌ಗೆ ತಂದಿದೆ. ಅವು ತೆರೆಯಲು 30 ಸೆಕೆಂಡ್ ಬೇಕು. ಈ 30 ಸೆಕೆಂಡಿನಲ್ಲಿ ಹಳೆಯ ದಾರಿ ಮುಚ್ಚಿದೆ, ಹೊಸ ದಾರಿ ತೆರೆದಿಲ್ಲ. ಕರೆಂಟ್ ಬಂದದ್ದೇ ಎರಡನೇ ಸಲ ನೆಟ್ ಹೋಗಲು ಕಾರಣ. ಮಳೆಗಾಲದ ಒಂದು ಮಧ್ಯಾಹ್ನ ಕರೆಂಟ್ ನಾಲ್ಕು ಸಲ ಕಣ್ಣು ಮಿಟುಕಿಸಿದರೆ ಎಂಟು ಸಲ ನೆಟ್ ಹೋಗುತ್ತದೆ. ಆನ್‌ಲೈನ್ ಅರ್ಜಿ ತುಂಬುತ್ತಿದ್ದವರ ಗತಿ ಯೋಚಿಸಿ.

ಇಲ್ಲಿ ಸ್ಪ್ಯಾನಿಂಗ್ ಟ್ರೀ ಒಂದೂ ತಪ್ಪು ಮಾಡಿಲ್ಲ. ಲೂಪ್ ಆಗದಂತೆ ನೋಡಿಕೊಂಡಿದೆ. ಆದರೆ ಮರದ ರೂಟ್ ಎಲ್ಲಿರಬೇಕು ಎಂಬ ತೀರ್ಮಾನವನ್ನು ಅದಕ್ಕೇ ಬಿಟ್ಟುಬಿಟ್ಟಿದ್ದೇವೆ. ಅದರ ಹತ್ತಿರ ಇರುವುದು ಐಡಿ ಒಂದೇ. ಯಾವ ಕಟ್ಟಡದಲ್ಲಿ ಯುಪಿಎಸ್ ಇದೆ, ರೂಟರ್ ಎಲ್ಲಿದೆ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ಅದನ್ನು ನಾವೇ ಹೇಳಬೇಕು.

ಹೇಳುವುದು ಬಹಳ ಸುಲಭ. ರೂಟರ್ ಇರುವ, ಯುಪಿಎಸ್ ಇರುವ ಆಫೀಸ್ ಸ್ವಿಚ್‌ಗೆ ಪ್ರಿಯಾರಿಟಿ 4096. ಅದು ಸತ್ತರೆ ಇರಲಿ ಅಂತ ಲ್ಯಾಬಿಗೆ 8192. ಈ ಅಂಕಿ 4096ರ ಗುಣಕದಲ್ಲೇ ಇರಬೇಕು. ಸಿಸ್ಕೊ ಮಾದರಿಯ ಸ್ವಿಚ್‌ನಲ್ಲಿ, ನೆಟ್‌ವರ್ಕನ್ನು ವಿಲ್ಯಾನ್ ಎಂಬ ಭಾಗಗಳಾಗಿ ಒಡೆಯದೆ ಒಂದೇ ವಿಲ್ಯಾನ್ ಇದ್ದರೆ, ಆಫೀಸಿನಲ್ಲಿ ಇಷ್ಟೇ:

```
spanning-tree mode rapid-pvst
spanning-tree vlan 1 priority 4096
```

ಈಗ ಮರವನ್ನು ಮತ್ತೆ ಲೆಕ್ಕ ಹಾಕಿ. ಲ್ಯಾಬಿನಿಂದ ಆಫೀಸಿಗೆ ನೇರ ಗಿಗಾಬಿಟ್, ಬೆಲೆ 4. ಲೈಬ್ರರಿಯಿಂದ ಆಫೀಸಿಗೆ ನೇರ, 19. ಉಳಿದದ್ದು ಲ್ಯಾಬ್-ಲೈಬ್ರರಿ ಫೈಬರ್. ಅಲ್ಲಿ ಲ್ಯಾಬಿನ ಬೆಲೆ 4, ಲೈಬ್ರರಿಯದ್ದು 19. ಹಾಗಾಗಿ ಲೈಬ್ರರಿ ತುದಿ ಮುಚ್ಚುತ್ತದೆ. ಲೈಬ್ರರಿಯಲ್ಲಿ ಕರೆಂಟ್ ಹೋದರೆ ಲೈಬ್ರರಿಗೆ ಮಾತ್ರ ನೆಟ್ ಇಲ್ಲ. ಆಫೀಸಿಗೂ ಲ್ಯಾಬಿಗೂ ಅದರ ಸುದ್ದಿಯೇ ಬೇಡ. ಒಂದು ರೂಪಾಯಿ ಖರ್ಚಿಲ್ಲದೆ ದೂರಿನ ಮುಕ್ಕಾಲು ಪಾಲು ಇಲ್ಲಿಗೆ ಮುಗಿಯುತ್ತದೆ.

ಮೇಲಿನ ಎರಡು ಸಾಲುಗಳಲ್ಲಿ ಮೊದಲನೆಯದು, ಮೂರೂ ಸ್ವಿಚ್‌ಗಳಲ್ಲಿ ಹಾಕಬೇಕಾದದ್ದು, ರ್‍ಯಾಪಿಡ್ ಸ್ಪ್ಯಾನಿಂಗ್ ಟ್ರೀಯನ್ನು ಆನ್ ಮಾಡುತ್ತದೆ. 2001ರಲ್ಲಿ 802.1ಡಬ್ಲ್ಯೂ ಎಂದು ಬಂದದ್ದು ಇದು. 2004ರ 802.1ಡಿ ಆವೃತ್ತಿಯಲ್ಲಿ ಹಳೆಯದರ ಜಾಗವನ್ನೇ ಇದಕ್ಕೆ ಕೊಟ್ಟರು. ಇದರ ಬೆಲೆ ಗೊತ್ತಾಗಬೇಕಾದರೆ ಕರೆಂಟ್ ಬಿಟ್ಟು ಬೇರೆ ಅಪಾಯ ನೋಡಬೇಕು. ಕ್ಯಾಂಪಸ್ಸಿನಲ್ಲಿ ನೀರಿನ ಪೈಪ್ ಹಾಕಲು ಜೆಸಿಬಿ ಬಂದು ಆಫೀಸ್-ಲ್ಯಾಬ್ ಫೈಬರ್ ಕಡಿಯಿತು ಅಂದುಕೊಳ್ಳಿ.

ಲ್ಯಾಬ್ ಸ್ವಿಚ್‌ಗೆ ರೂಟ್ ಕಡೆಯ ದಾರಿ ಹೋಯಿತು. ಅದು ಲೈಬ್ರರಿಗೆ "ಇನ್ನು ರೂಟ್ ನಾನೇ" ಎಂಬ ಬಿಪಿಡಿಯು ಕಳಿಸುತ್ತದೆ. ಲೈಬ್ರರಿ ಸ್ವಿಚ್‌ಗೆ ನಿಜ ಗೊತ್ತಿದೆ, ಆಫೀಸ್ ಇನ್ನೂ ಬದುಕಿದೆ. ಹಳೆಯ ಸ್ಪ್ಯಾನಿಂಗ್ ಟ್ರೀ ಆದರೆ ಲ್ಯಾಬಿನ ಈ ಕೀಳು ಸಂದೇಶವನ್ನು ಕಡೆಗಣಿಸಿ, ಮೊದಲು ಕೇಳಿದ್ದನ್ನೇ ಹಿಡಿದುಕೊಂಡು 20 ಸೆಕೆಂಡ್ ಕೂರುತ್ತದೆ. ಆಮೇಲೆ 15, 15. ಮತ್ತೆ ಅದೇ 50.

ರ್‍ಯಾಪಿಡ್‌ನಲ್ಲಿ ಹಾಗಿಲ್ಲ. ಪಕ್ಕದವನ ಸ್ಥಿತಿ ಕೆಟ್ಟಿದೆ ಎಂದು ಗೊತ್ತಾದ ಕ್ಷಣವೇ ಲೈಬ್ರರಿ ಸ್ವಿಚ್ ತನ್ನ ಮುಚ್ಚಿದ ಪೋರ್ಟ್‌ನಿಂದ ಒಂದು ಪ್ರಸ್ತಾವ ಕಳಿಸುತ್ತದೆ: ರೂಟ್ ಆಫೀಸ್, ನನ್ನ ಮೂಲಕ ಹೋಗು, ಒಪ್ಪುತ್ತೀಯಾ? ಲ್ಯಾಬ್ ಸ್ವಿಚ್ ಒಪ್ಪುವ ಮೊದಲು ಒಂದು ಕೆಲಸ ಮಾಡುತ್ತದೆ. ತನ್ನ ಕೆಳಗೆ ಬೇರೆ ಸ್ವಿಚ್ ಇರಬಹುದಾದ ಪೋರ್ಟ್‌ಗಳನ್ನೆಲ್ಲ ಒಮ್ಮೆ ಮುಚ್ಚುತ್ತದೆ. ಆಗ ತನ್ನ ಮೂಲಕ ಲೂಪ್ ಆಗುವುದು ಸಾಧ್ಯವಿಲ್ಲ ಎಂಬುದು ಖಾತ್ರಿ. ಆಮೇಲೆ ಒಪ್ಪಿಗೆ ಕಳಿಸುತ್ತದೆ. ಒಪ್ಪಿಗೆ ತಲುಪಿದ ಕೂಡಲೇ ಲೈಬ್ರರಿ ಪೋರ್ಟ್ ತೆರೆಯುತ್ತದೆ. ಎಲ್ಲ ಸೇರಿ ಒಂದು ಸೆಕೆಂಡಿನೊಳಗೆ. ಹಳೆಯದರಲ್ಲಿ ಲೂಪ್ ಇಲ್ಲ ಎಂಬ ಧೈರ್ಯಕ್ಕೆ ಗಡಿಯಾರ ನೋಡಿ ಕಾಯಬೇಕಿತ್ತು. ಇಲ್ಲಿ ಪಕ್ಕದವರನ್ನೇ ಕೇಳಿ ಖಚಿತ ಮಾಡಿಕೊಳ್ಳುತ್ತಾರೆ. ಮೌನವನ್ನು ಗುರುತಿಸುವುದೂ ಬೇಗ, ಮೂರು ಬಿಪಿಡಿಯು ತಪ್ಪಿದರೆ, ಅಂದರೆ 6 ಸೆಕೆಂಡಿಗೆ. ಮೀಡಿಯಾ ಕನ್ವರ್ಟರ್‌ಗಳಿರುವ ಕಡೆ ಈ 6 ಸೆಕೆಂಡ್ ದೊಡ್ಡ ಉಪಕಾರ.

ಆದರೆ "ರ್‍ಯಾಪಿಡ್ ಹಾಕಿದ್ದೇವೆ, ಆದರೂ ಅರ್ಧ ನಿಮಿಷ ನೆಟ್ ಹೋಗ್ತದೆ" ಎನ್ನುವವರೂ ಇದ್ದಾರೆ. ಅವರ ಮಾತು ನಿಜ. ಕಾರಣ ಆ "ಎಲ್ಲ ಪೋರ್ಟ್ ಮುಚ್ಚುವ" ಹಂತದಲ್ಲಿದೆ. ಲ್ಯಾಬಿನ ಒಂದು ಪೋರ್ಟ್‌ನಲ್ಲಿರುವುದು ಬರೇ ಕಂಪ್ಯೂಟರ್ ಎಂದು ಸ್ವಿಚ್‌ಗೆ ಗೊತ್ತಿಲ್ಲದಿದ್ದರೆ, ಅದು ಅದನ್ನೂ ಮುಚ್ಚಿ ಅದಕ್ಕೂ ಪ್ರಸ್ತಾವ ಕಳಿಸುತ್ತದೆ. ಕಂಪ್ಯೂಟರ್‌ಗೆ ಸ್ಪ್ಯಾನಿಂಗ್ ಟ್ರೀ ಗೊತ್ತಿಲ್ಲ, ಒಪ್ಪಿಗೆ ಬರುವುದೇ ಇಲ್ಲ. ಆಗ ಸ್ವಿಚ್ ಹಳೆಯ ಪದ್ಧತಿಗೆ ಮರಳಿ ಆ ಪೋರ್ಟ್‌ನಲ್ಲಿ 15, 15 ಎಂದು 30 ಸೆಕೆಂಡ್ ಕಾಯುತ್ತದೆ. ಸ್ವಿಚ್‌ಗಳ ನಡುವೆ ದಾರಿ ಒಂದು ಸೆಕೆಂಡಿಗೆ ಸರಿಯಾಗಿದೆ, ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಅರ್ಧ ನಿಮಿಷ ನೆಟ್ ಇಲ್ಲ. ಬಿಪಿಡಿಯು ಬಾರದ ಪೋರ್ಟನ್ನು ತಾವೇ ಗುರುತಿಸಿ ಬಿಟ್ಟುಬಿಡುವ ಸ್ವಿಚ್‌ಗಳೂ ಇವೆ, ಆದರೆ ಎಲ್ಲವೂ ಹಾಗಲ್ಲ. ಅದಕ್ಕೇ ಕಂಪ್ಯೂಟರ್, ಪ್ರಿಂಟರ್, ಕ್ಯಾಮೆರಾ ಇರುವ ಪೋರ್ಟ್‌ಗಳನ್ನು ಎಜ್ ಪೋರ್ಟ್ ಎಂದು ನಾವೇ ಹೇಳಿಬಿಡುವುದು ಒಳ್ಳೆಯದು:

```
interface range gigabitEthernet 1/0/1 - 20
 spanning-tree portfast
 spanning-tree bpduguard enable
```

ಕೊನೆಯ ಸಾಲಿನ ಬಿಪಿಡಿಯು ಗಾರ್ಡ್ ಅನ್ನು ಬಿಡಬಾರದು. ಎಜ್ ಎಂದು ಹೇಳಿದ ಪೋರ್ಟ್ ತಕ್ಷಣ ತೆರೆಯುತ್ತದೆ. ಅಲ್ಲಿಗೆ ಯಾರಾದರೂ ಸ್ಟಾಫ್ ರೂಮಿನಲ್ಲಿ ಐದು ಪೋರ್ಟಿನ ಸಣ್ಣ ಸ್ವಿಚ್ ಹಾಕಿ, ಅದರ ಎರಡು ಪೋರ್ಟ್‌ಗಳಿಗೆ ಒಂದೇ ಕೇಬಲಿನ ಎರಡು ತುದಿ ಚುಚ್ಚಿದರೆ ಲೂಪ್ ಗ್ಯಾರಂಟಿ. ಟೇಬಲ್ ಒರೆಸುವಾಗ ನೇತಾಡುವ ತುದಿಯನ್ನು ಖಾಲಿ ತೂತಿಗೆ ಸೇರಿಸಿ ಹೋಗುವುದು ಒಳ್ಳೆ ಮನಸ್ಸಿನಿಂದಲೇ. ಆ ಸಣ್ಣ ಸ್ವಿಚ್‌ಗೆ ಸ್ಪ್ಯಾನಿಂಗ್ ಟ್ರೀ ಗೊತ್ತಿಲ್ಲ, ಬಿಪಿಡಿಯುವನ್ನು ಸುಮ್ನೆ ಸುತ್ತಿಸಿ ವಾಪಸ್ ಕಳಿಸುತ್ತದೆ. ಗಾರ್ಡ್ ಇದ್ದರೆ ಅದನ್ನು ಕಂಡ ಕೂಡಲೇ ಪೋರ್ಟ್ ಬಂದ್ ಆಗುತ್ತದೆ, ಪರದೆಯಲ್ಲಿ `err-disabled` ಎಂದು ಕಾಣುತ್ತದೆ. ತೊಂದರೆ ಒಂದು ಟೇಬಲ್ಲಿಗೇ ಮುಗಿಯುತ್ತದೆ. ಇಲ್ಲೊಂದು ಮಿತಿ ಇದೆ: ಕೆಲವು ಅಗ್ಗದ ಸ್ವಿಚ್‌ಗಳು ಬಿಪಿಡಿಯುವನ್ನು ದಾಟಿಸದೆ ನುಂಗಿಬಿಡುತ್ತವೆ. ಆಗ ಸ್ಪ್ಯಾನಿಂಗ್ ಟ್ರೀಗೂ ಗಾರ್ಡ್‌ಗೂ ಆ ಲೂಪ್ ಕಾಣುವುದೇ ಇಲ್ಲ. ಅಲ್ಲಿ ಬ್ರಾಡ್‌ಕಾಸ್ಟ್‌ಗೆ ಮಿತಿ ಹಾಕುವ ಸ್ಟಾರ್ಮ್ ಕಂಟ್ರೋಲ್ ನೆರವಾಗುತ್ತದೆ.

ಇನ್ನು ಮರ ಬದಲಾದ ಮೇಲೆ ನಡೆಯುವ ಮುಖ್ಯ ಕೆಲಸಕ್ಕೆ ಬರೋಣ. ದಾರಿ ತೆರೆಯಿತು ಅಂದ ಮಾತ್ರಕ್ಕೆ ಫ್ರೇಮ್ ತಲುಪುತ್ತದೆ ಅಂತಲ್ಲ. ಜೆಸಿಬಿಯ ಉದಾಹರಣೆಯನ್ನೇ ಮುಂದುವರಿಸುತ್ತೇನೆ. ಲ್ಯಾಬಿನಲ್ಲಿ ಒಂದು ನೆಟ್‌ವರ್ಕ್ ಪ್ರಿಂಟರ್ ಇದೆ. ಫೈಬರ್ ಕಡಿಯುವ ಮೊದಲು ಅದರ ಫ್ರೇಮ್‌ಗಳು ಲೈಬ್ರರಿಗೆ ಬರುತ್ತಿದ್ದದ್ದು ಆಫೀಸಿನ ಮೂಲಕ. ಹಾಗಾಗಿ ಲೈಬ್ರರಿ ಸ್ವಿಚ್ "ಪ್ರಿಂಟರ್ ಇರುವುದು ಆಫೀಸ್ ಪೋರ್ಟ್ ಕಡೆ" ಎಂದು ಬರೆದಿಟ್ಟುಕೊಂಡಿದೆ. ಈಗ ಫೈಬರ್ ಕಡಿದು ದಾರಿ ತಿರುಗಿದೆ. ಆಫೀಸಿನ ಗುಮಾಸ್ತರು ಪ್ರಿಂಟ್ ಕೊಟ್ಟರು. ಆಫೀಸ್ ಸ್ವಿಚ್‌ನಲ್ಲಿ ಪೋರ್ಟ್ ಬಿದ್ದಾಗಲೇ ಪ್ರಿಂಟರಿನ ವಿಳಾಸ ಅಳಿಸಿಹೋಗಿದೆ, ಹಾಗಾಗಿ ಅದು ಫ್ರೇಮನ್ನು ಎಲ್ಲ ಕಡೆಗೂ ಕಳಿಸುತ್ತದೆ. ಫ್ರೇಮ್ ಲೈಬ್ರರಿ ಸ್ವಿಚ್ ತಲುಪುತ್ತದೆ, ಆಫೀಸ್ ಪೋರ್ಟ್‌ನಿಂದ. ಲೈಬ್ರರಿ ತನ್ನ ಪಟ್ಟಿ ನೋಡುತ್ತದೆ. ಪ್ರಿಂಟರ್ ಇರುವುದೂ ಅದೇ ಆಫೀಸ್ ಪೋರ್ಟ್‌ನಲ್ಲಿ. ಬಂದ ಪೋರ್ಟ್‌ಗೇ ವಾಪಸ್ ಕಳಿಸುವಂತಿಲ್ಲ, ಬಿಸಾಡುತ್ತದೆ. ದಾರಿ ಪೂರ್ತಿ ತೆರೆದಿದೆ, ಲೈಟ್ ಎಲ್ಲ ಹಸಿರು, ಆದರೆ ಪ್ರಿಂಟ್ ಬರುವುದಿಲ್ಲ. ಪ್ರಿಂಟರ್ ತಾನಾಗಿ ಏನಾದರೂ ಕಳಿಸುವವರೆಗೆ ಅಥವಾ ಆ ಹಳೆಯ ದಾಖಲೆ ಮುಗಿಯುವವರೆಗೆ ಇದೇ ಕಥೆ. ಮಾಮೂಲಿ ಅವಧಿ 300 ಸೆಕೆಂಡ್.

ಟೊಪಾಲಜಿ ಚೇಂಜ್ ಎಂಬ ಸೂಚನೆ ಇರುವುದು ಇದಕ್ಕೇ. ಹಳೆಯ ಪದ್ಧತಿಯಲ್ಲಿ ಬದಲಾವಣೆ ಕಂಡ ಸ್ವಿಚ್ ರೂಟ್‌ಗೆ ಸುದ್ದಿ ಮುಟ್ಟಿಸುತ್ತದೆ. ರೂಟ್ 35 ಸೆಕೆಂಡ್ ಕಾಲ ತನ್ನ ಬಿಪಿಡಿಯುಗಳಲ್ಲಿ ಒಂದು ಗುರುತು ಹಾಕಿ ಎಲ್ಲರಿಗೂ ಸಾರುತ್ತದೆ. ಅದನ್ನು ಕಂಡವರು 300 ಸೆಕೆಂಡಿನ ಅವಧಿಯನ್ನು 15ಕ್ಕೆ ಇಳಿಸುತ್ತಾರೆ. ರ್‍ಯಾಪಿಡ್‌ನಲ್ಲಿ ರೂಟ್‌ವರೆಗೆ ಹೋಗಿ ಬರುವ ಕೆಲಸವೇ ಇಲ್ಲ. ಬದಲಾವಣೆ ಕಂಡ ಸ್ವಿಚ್ಚೇ ನೇರ ಸಾರುತ್ತದೆ, ಕೇಳಿದವರು ಸುದ್ದಿ ಬಂದ ಪೋರ್ಟ್ ಮತ್ತು ಎಜ್ ಪೋರ್ಟ್‌ಗಳನ್ನು ಬಿಟ್ಟು ಉಳಿದ ಕಡೆ ಕಲಿತದ್ದನ್ನು ಕೂಡಲೇ ಅಳಿಸುತ್ತಾರೆ. ಲೈಬ್ರರಿಯ ತಪ್ಪು ದಾಖಲೆ ಹೋಗುತ್ತದೆ, ಪ್ರಿಂಟ್ ಬರುತ್ತದೆ.

ಈ ಅಳಿಸುವಿಕೆ ಪುಕ್ಕಟೆ ಅಲ್ಲ. ವಿಳಾಸ ಗೊತ್ತಿಲ್ಲದಿದ್ದರೆ ಸ್ವಿಚ್ ಫ್ರೇಮನ್ನು ಎಲ್ಲ ಪೋರ್ಟ್‌ಗೂ ಕಳಿಸುತ್ತದೆ. ಎಜ್ ಎಂದು ಗುರುತಿಸದ ಲ್ಯಾಬಿನಲ್ಲಿ ಬೆಳಿಗ್ಗೆ ಮಕ್ಕಳು ಒಂದೊಂದೇ ಕಂಪ್ಯೂಟರ್ ಆನ್ ಮಾಡುತ್ತಾ ಹೋದರೆ ಪ್ರತಿಯೊಂದೂ "ಮರ ಬದಲಾಯಿತು" ಎಂದೇ ಲೆಕ್ಕ. ಆ ಅರ್ಧ ಗಂಟೆ ಇಡೀ ಕ್ಯಾಂಪಸ್ಸಿನ ಸ್ವಿಚ್‌ಗಳು ಕಲಿಯುವುದು, ಮರೆಯುವುದು, ಮತ್ತೆ ಕಲಿಯುವುದು. ಸಿಸಿಟಿವಿಯ ವಿಡಿಯೊ ಲೈಬ್ರರಿಯ 100 ಎಂಬಿಪಿಎಸ್ ಲಿಂಕ್‌ಗೂ ಆಗಾಗ ನುಗ್ಗುತ್ತದೆ. ಎಜ್ ಪೋರ್ಟ್ ಆನ್ ಆದರೂ ಆಫ್ ಆದರೂ ಯಾರಿಗೂ ಸುದ್ದಿ ಹೋಗುವುದಿಲ್ಲ. "ಬೆಳಿಗ್ಗೆ ಹೊತ್ತು ನೆಟ್ ಸ್ಲೋ" ಎಂಬ ದೂರು ಇದ್ದಲ್ಲಿ ನಾನು ಮೊದಲು ನೋಡುವುದು `show spanning-tree detail` ಕೊಡುವ ಈ ಸಾಲನ್ನು:

```
Number of topology changes 214 last change occurred 00:03:12 ago
        from GigabitEthernet1/0/7
```

ಅಂಕಿಗಿಂತ ಕೊನೆಯ ಸಾಲು ಮುಖ್ಯ. ಸುದ್ದಿ ಯಾವ ಪೋರ್ಟ್‌ನಿಂದ ಬಂತು ಎಂದು ಅದು ಹೇಳುತ್ತದೆ. ಆ ಪೋರ್ಟ್‌ನಲ್ಲಿ ಇನ್ನೊಂದು ಸ್ವಿಚ್ ಇದ್ದರೆ ಅಲ್ಲಿಗೆ ಹೋಗಿ ಅದೇ ಕಮಾಂಡ್ ಕೊಡಿ. ಹೀಗೆ ಹಿಂದೆ ಹಿಂದೆ ಹೋದರೆ ಕೊನೆಗೆ ಸಿಗುವುದು ಎಜ್ ಎಂದು ಗುರುತಿಸದ ಒಂದು ಕಂಪ್ಯೂಟರ್, ಇಲ್ಲವೇ ಸಡಿಲವಾದ ಒಂದು ಕನೆಕ್ಟರ್. ಒಂದು ಗಂಟೆ ಬಿಟ್ಟು ಮತ್ತೆ ನೋಡಿದಾಗ ಅಂಕಿ ಏರಿಲ್ಲ ಅಂದರೆ ಮರ ನೆಮ್ಮದಿಯಾಗಿದೆ ಎಂದರ್ಥ.

`detail` ಇಲ್ಲದ ಬರೇ `show spanning-tree` ಕೊಡುವ ಪಟ್ಟಿಯಲ್ಲಿ ಇನ್ನೆರಡು ಗುರುತು ನೋಡಬೇಕು. ಸ್ವಿಚ್‌ಗಳ ನಡುವಿನ ಪೋರ್ಟ್‌ಗೆ `P2p` ಎಂದಿರಬೇಕು. `Shr` ಎಂದಿದ್ದರೆ ಆ ಲಿಂಕ್ ಒಮ್ಮೆಗೆ ಒಂದೇ ದಿಕ್ಕಿಗೆ ಕಳಿಸಬಲ್ಲ ಹಾಫ್ ಡ್ಯೂಪ್ಲೆಕ್ಸ್‌ಗೆ ಇಳಿದಿದೆ, ಪ್ರಸ್ತಾವ-ಒಪ್ಪಿಗೆ ಅಲ್ಲಿ ನಡೆಯುವುದಿಲ್ಲ. ಹಳೆಯ ಮೀಡಿಯಾ ಕನ್ವರ್ಟರ್‌ನ ವೇಗವನ್ನು ಒಂದೇ ಕಡೆ ಕಟ್ಟಿಹಾಕಿದ್ದರೆ ಹೀಗಾಗುತ್ತದೆ. `Peer(STP)` ಎಂದಿದ್ದರೆ ಆಚೆ ಬದಿಯ ಸ್ವಿಚ್ ಹಳೆಯ ಭಾಷೆಯನ್ನೇ ಮಾತಾಡುತ್ತಿದೆ. ಆ ಲಿಂಕ್‌ನಲ್ಲಿ 30 ಸೆಕೆಂಡಿನ ಕಾಯುವಿಕೆ ಉಳಿದೇ ಇರುತ್ತದೆ. ನಮ್ಮ ಲೈಬ್ರರಿ ಸ್ವಿಚ್ ಹಳೆಯದಾದರೂ ರ್‍ಯಾಪಿಡ್ ಬಲ್ಲದ್ದಾಗಿತ್ತು, ಆನ್ ಮಾಡಿರಲಿಲ್ಲ ಅಷ್ಟೇ. ಅಗ್ಗದ ಸ್ಮಾರ್ಟ್ ಸ್ವಿಚ್ ಕೊಳ್ಳುವವರಿಗೆ ಒಂದು ಮಾತು. ಕೆಲವು ಮಾದರಿಗಳಲ್ಲಿ ಸ್ಪ್ಯಾನಿಂಗ್ ಟ್ರೀ ಆಫ್ ಆಗಿಯೇ ಬರುತ್ತದೆ. ಡಬ್ಬಿಯ ಮೇಲೆ ಹೆಸರಿದೆ ಎಂದು ನಂಬಿ ಎರಡನೇ ಫೈಬರ್ ಚುಚ್ಚಬೇಡಿ.

ಸ್ಪ್ಯಾನಿಂಗ್ ಟ್ರೀ ತಾನೇ ಲೂಪ್ ಮಾಡುವ ಒಂದು ಸಂದರ್ಭವೂ ಇದೆ, ಅದು ಫೈಬರ್‌ನಲ್ಲೇ ಜಾಸ್ತಿ. ಫೈಬರ್ ಲಿಂಕ್‌ಗೆ ಸಾಮಾನ್ಯವಾಗಿ ಎರಡು ಎಳೆ, ಒಂದು ಹೋಗಲು, ಒಂದು ಬರಲು. ಲ್ಯಾಬಿನಿಂದ ಲೈಬ್ರರಿಗೆ ಹೋಗುವ ಎಳೆ ಮಾತ್ರ ಕಡಿಯಿತು, ಕನ್ವರ್ಟರ್ ಲಿಂಕ್ ಲೈಟ್ ಉರಿಸುತ್ತಲೇ ಇದೆ ಅಂದುಕೊಳ್ಳಿ. ಲೈಬ್ರರಿಯ ಮುಚ್ಚಿದ ಪೋರ್ಟ್‌ಗೆ ಲ್ಯಾಬಿನ ಬಿಪಿಡಿಯು ಬರುವುದು ನಿಂತಿತು. ಆಚೆ ಯಾರೂ ಇಲ್ಲ ಎಂದುಕೊಂಡು ಅದು ಪೋರ್ಟ್ ತೆರೆಯುತ್ತದೆ. ಲೈಬ್ರರಿಯಿಂದ ಲ್ಯಾಬಿಗೆ ಹೋಗುವ ಎಳೆ ಚೆನ್ನಾಗಿಯೇ ಇದೆ. ಹೀಗೆ ಒಂದೇ ದಿಕ್ಕಿನ ಲೂಪ್ ಆಗುತ್ತದೆ, ಬಿರುಗಾಳಿಗೆ ಅಷ್ಟು ಸಾಕು. ಇದಕ್ಕೆ ಮದ್ದು ಲೂಪ್ ಗಾರ್ಡ್. ಮೊದಲು ಬಿಪಿಡಿಯು ಕೇಳಿಸುತ್ತಿದ್ದ ಪೋರ್ಟ್‌ನಲ್ಲಿ ಇದ್ದಕ್ಕಿದ್ದ ಹಾಗೆ ಮೌನವಾದರೆ, ತೆರೆಯುವ ಬದಲು ಮುಚ್ಚಿಯೇ ಇಡು ಎಂದು ಅದು ಹೇಳುತ್ತದೆ. ಮೀಡಿಯಾ ಕನ್ವರ್ಟರ್ ಇರುವ ಪ್ರತಿ ಸ್ವಿಚ್-ಸ್ವಿಚ್ ಲಿಂಕ್‌ನಲ್ಲೂ ಇದನ್ನು ಹಾಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕ್ಯಾಂಪಸ್ ದೊಡ್ಡದಾಗುತ್ತಾ ಹೋದರೆ ಕಟ್ಟಡಗಳ ನಡುವೆ ಸ್ವಿಚಿಂಗ್ ಬಿಟ್ಟು ರೂಟಿಂಗ್ ಹಾಕುವುದು, ಒಂದೇ ದಾರಿಯಲ್ಲಿ ಎರಡು ಫೈಬರ್ ಇದ್ದರೆ ಅವನ್ನು ಒಂದು ಕಟ್ಟು ಮಾಡಿ ಎರಡನ್ನೂ ಬಳಸುವುದು, ಇಂಥ ಬೇರೆ ದಾರಿಗಳಿವೆ. ಮೂರು-ನಾಲ್ಕು ಕಟ್ಟಡಗಳ ಶಾಲೆ-ಕಾಲೇಜಿಗೆ ಅಷ್ಟು ಬೇಕಿಲ್ಲ. ಸರಣಿಯಾಗಿ ಒಂದರ ಹಿಂದೆ ಒಂದು ಸ್ವಿಚ್ ಜೋಡಿಸುತ್ತಾ ಹೋಗದಿದ್ದರೆ ಸಾಕು. ಹಳೆಯ ಪದ್ಧತಿಯ 20, 15 ಎಂಬ ಕಾಲಗಳನ್ನು ಲೆಕ್ಕ ಹಾಕಿದ್ದೇ ಒಂದು ತುದಿಯಿಂದ ಇನ್ನೊಂದು ತುದಿಗೆ ಹೆಚ್ಚೆಂದರೆ 7 ಸ್ವಿಚ್ ಇರುತ್ತವೆ ಎಂಬ ಅಂದಾಜಿನಲ್ಲಿ.

ಎಲ್ಲ ಬದಲಾಯಿಸಿದ ಮೇಲೆ ಮಳೆಗೆ ಕಾಯದೆ ರಜೆಯ ದಿನ ಒಮ್ಮೆ ಪರೀಕ್ಷೆ ಮಾಡಿ ನೋಡಿ. ಲ್ಯಾಬಿನ ಒಂದು ಕಂಪ್ಯೂಟರ್‌ನಿಂದ ಆಫೀಸಿನ ರೂಟರ್‌ಗೆ ನಿಲ್ಲಿಸದೆ ಪಿಂಗ್ ಹಾಕಿ. ಮೊದಲು ಲೈಬ್ರರಿ ಸ್ವಿಚ್‌ನ ಪ್ಲಗ್ ತೆಗೆಯಿರಿ. ಒಂದು ಪಿಂಗ್ ಕೂಡ ತಪ್ಪಬಾರದು. ಐದು ನಿಮಿಷ ಬಿಟ್ಟು ಪ್ಲಗ್ ಹಾಕಿ, ಬೂಟ್ ಆಗಿ ಮರ ಸೇರುವಾಗಲೂ ಹೆಚ್ಚೆಂದರೆ ಒಂದೆರಡು ತಪ್ಪಬಹುದು. ಆಮೇಲೆ ಆಫೀಸ್-ಲ್ಯಾಬ್ ಫೈಬರ್ ತೆಗೆಯಿರಿ. ಒಂದೆರಡು ಪಿಂಗ್ ತಪ್ಪಿ ಮತ್ತೆ ಶುರುವಾದರೆ ರ್‍ಯಾಪಿಡ್ ಕೆಲಸ ಮಾಡಿದೆ. ಸುಮಾರು 30 ಸೆಕೆಂಡ್ ತಪ್ಪಿದರೆ ಆ ಕಂಪ್ಯೂಟರ್‌ನ ಪೋರ್ಟ್ ಎಜ್ ಆಗಿಲ್ಲ, ಅಥವಾ ದಾರಿಯಲ್ಲಿ `Shr` ಇಲ್ಲವೇ `Peer(STP)` ಇದೆ. ಸುಮಾರು 50 ಸೆಕೆಂಡ್ ತಪ್ಪಿದರೆ ಯಾವುದೋ ಸ್ವಿಚ್ ಇನ್ನೂ ಹಳೆಯ ಸ್ಪ್ಯಾನಿಂಗ್ ಟ್ರೀಯಲ್ಲೇ ಇದೆ. ಪ್ಲಗ್ ಅಥವಾ ಫೈಬರ್ ಮತ್ತೆ ಹಾಕಿದಾಗ ಪಿಂಗ್ ನಿಂತೇ ಹೋಯಿತು, ಲೈಟುಗಳೆಲ್ಲ ಒಟ್ಟಿಗೆ ಮಿನುಗಲು ಶುರುವಾದವು ಅಂದರೆ ಹಾಕಿದ ಕೇಬಲ್‌ಗಳಲ್ಲಿ ಒಂದನ್ನು ಕೂಡಲೇ ಕಿತ್ತು, ಪ್ರತಿ ಸ್ವಿಚ್‌ನಲ್ಲೂ ಸ್ಪ್ಯಾನಿಂಗ್ ಟ್ರೀ ಆನ್ ಇದೆಯೇ ಎಂಬುದರಿಂದ ಮತ್ತೆ ಶುರುಮಾಡಿ.